ಕಾಗಕ್ಕ ಐದು ಸಲ ಕರೆಯಲಿ, ಆರನೆಯ ಸಲ ಸುಮ್ಮನಿರಲಿ

ಪ್ರಶ್ನೆ: ನಮ್ಮ ತಾಯಿ ಹೇಳುತ್ತಿದ್ದ ಕಾಗಕ್ಕ ಗುಬ್ಬಕ್ಕನ ಕಥೆಯನ್ನು ಮಕ್ಕಳ ಚಿತ್ರಪುಸ್ತಕಕ್ಕಾಗಿ ಇಂಗ್ಲಿಷಿನಲ್ಲಿ ಬರೆಯುತ್ತಿದ್ದೇನೆ. ಮಳೆಗೆ ಸಗಣಿ ಮನೆ ಕರಗಿಹೋದ ಕಾಗಕ್ಕ ಆರು ಸಲ ಬಾಗಿಲು ತಟ್ಟುತ್ತಾಳೆ. ಗುಬ್ಬಕ್ಕ ಪ್ರತಿ ಸಲವೂ ಮಗುವಿನ ಒಂದೊಂದು ಕೆಲಸ ಹೇಳಿ ‘ಇರು’ ಎನ್ನುತ್ತಾಳೆ: ಎಣ್ಣೆ, ಸ್ನಾನ, ಮೈ ಒರೆಸುವುದು, ಕಾಡಿಗೆ, ಹಾಲು, ತೊಟ್ಟಿಲು. ತಾಯಿ ಹೇಳುವಾಗ ಕಾಗಕ್ಕನ ಧ್ವನಿ ಸಲದಿಂದ ಸಲಕ್ಕೆ ಸಣ್ಣದಾಗುತ್ತಿತ್ತು. ಒಳಗೆ ಬಂದ ಕಾಗಕ್ಕ ರಾತ್ರಿ ಕಡಲೆ ಕದ್ದು ತಿನ್ನುವ ಭಾಗವೂ ಇದೆ. ನನ್ನ ಇಂಗ್ಲಿಷ್ ಪಾಠ ಓದಿದವರು ಬೇಸರ ಬರುತ್ತದೆ, ಎರಡು ಸಲ ತಟ್ಟಿದರೆ ಸಾಕು ಎನ್ನುತ್ತಾರೆ. ‘ಮಳೆ ಬರುವ ಮೊದಲೇ ಗಟ್ಟಿ ಮನೆ ಕಟ್ಟಿಕೊಳ್ಳಬೇಕು’ ಎಂದು ತಾಯಿ ಕೊನೆಗೆ ಹೇಳುತ್ತಿದ್ದ ನೀತಿಯನ್ನು ಎಲ್ಲಿ ಸೇರಿಸಲಿ? ತಟ್ಟುವ ಭಾಗದ ಮಾದರಿ ಕಳುಹಿಸಿದ್ದೇನೆ.

ಉತ್ತರ: ಎರಡಕ್ಕೆ ಇಳಿಸಬೇಡಿ. ಓದಿದವರಿಗೆ ಬೇಸರ ಬಂದದ್ದು ನಿಜವಿರಬಹುದು, ಆದರೆ ಕಾರಣವನ್ನು ಅವರು ತಪ್ಪಾಗಿ ಹುಡುಕಿದ್ದಾರೆ. ನಿಮ್ಮ ಮಾದರಿಯಲ್ಲಿ ಕಾಗಕ್ಕ ಒಮ್ಮೆ ‘ನಾಕ್’ ಮಾಡುತ್ತಾಳೆ, ಮುಂದಿನ ಸಲ ‘ಟ್ಯಾಪ್’, ಆಮೇಲೆ ‘ಬ್ಯಾಂಗ್’. ಗುಬ್ಬಕ್ಕ ಮೊದಲು ‘ಸೆಡ್’, ನಂತರ ‘ರಿಪ್ಲೈಡ್’, ಅದರ ನಂತರ ‘ಆನ್ಸರ್ಡ್’. ಒಂದು ಸಲ ಅವಳ ಉತ್ತರ ಎಂಟು ಪದದ್ದಾದರೆ ಇನ್ನೊಂದು ಸಲ ಇಪ್ಪತ್ತು ಪದದ್ದು. ಒಂದೇ ಪದ ಮತ್ತೆ ಬರಬಾರದು ಎಂದು ಶಾಲೆಯ ಇಂಗ್ಲಿಷ್ ಪ್ರಬಂಧಗಳಲ್ಲಿ ಕಲಿತದ್ದು ಇಲ್ಲಿ ಬಂದು ಅಡ್ಡ ಕುಳಿತಿದೆ. ಹೀಗಾಗಿ ನಿಮ್ಮ ಪಾಠದಲ್ಲಿ ಇರುವುದು ಪುನರಾವರ್ತನೆಯೇ ಅಲ್ಲ, ಒಂದೇ ಘಟನೆಯ ಆರು ವರ್ಣನೆಗಳು. ಕೇಳುವ ಮಗುವಿಗೆ ಬಾಯಿಪಾಠವಾಗುವಂಥದ್ದು ಏನೂ ಇಲ್ಲ, ಹೊಸದು ಎಂದು ಕಿವಿ ನಿಮಿರಿಸುವಂಥದ್ದೂ ಇಲ್ಲ.

ನಿಮ್ಮ ತಾಯಿ ಹೇಳುತ್ತಿದ್ದ ರೀತಿಯನ್ನು ನೆನಪಿಸಿಕೊಳ್ಳಿ. ಕಾಗಕ್ಕನ ಕರೆ ಅಕ್ಷರವೂ ಬದಲಾಗದೆ ಬರುತ್ತಿತ್ತು. ಗುಬ್ಬಕ್ಕನ ಉತ್ತರದಲ್ಲಿ ಒಂದೇ ಒಂದು ಜಾಗ ಬದಲಾಗುತ್ತಿತ್ತು, ಅಂದರೆ ಮಗುವಿನ ಕೆಲಸ. ಉಳಿದದ್ದೆಲ್ಲ ಅಚ್ಚು. ಅಜ್ಜಿಕಥೆ ಕೇಳುವ ಮಗು ‘ಹೂಂ’ಗುಟ್ಟಬೇಕು, ಹೂಂ ನಿಂತರೆ ಕಥೆಯೂ ನಿಲ್ಲುತ್ತದೆ ಎನ್ನುವುದು ನಮ್ಮ ಮನೆಗಳ ಹಳೆಯ ಕಟ್ಟಳೆ. ಅಚ್ಚಿನ ಮಾತು ಬಂದಾಗ ಮಗು ಹೂಂ ಬಿಟ್ಟು ಆ ಮಾತನ್ನೇ ಹೇಳಲು ಶುರುಮಾಡುತ್ತದೆ. ಇಂಗ್ಲಿಷ್ ಪುಸ್ತಕದಲ್ಲಿ ನೀವು ಉಳಿಸಬೇಕಾದದ್ದು ಈ ಸೌಕರ್ಯವನ್ನು.

ಆದ್ದರಿಂದ ಮೊದಲ ಕೆಲಸ, ಬದಲಾಗುವ ಜಾಗ ಒಂದೇ ಇರುವ ಅಚ್ಚನ್ನು ಇಂಗ್ಲಿಷಿನಲ್ಲಿ ಮಾಡಿಕೊಳ್ಳುವುದು. ‘ಎಣ್ಣೆ ಹಚ್ಚುತ್ತಿದ್ದೇನೆ, ನೀರು ಹಾಕುತ್ತಿದ್ದೇನೆ, ಕಾಡಿಗೆ ಇಡುತ್ತಿದ್ದೇನೆ’ ಎಂಬ ಕ್ರಿಯಾಪದಗಳನ್ನು ಹಾಗೆಯೇ ಎತ್ತಿಕೊಂಡರೆ ಕೆಡುತ್ತದೆ. ಕನ್ನಡದಲ್ಲಿ ಅವೆಲ್ಲ ‘ತ್ತಿದ್ದೇನೆ’ ಎಂದು ಒಂದೇ ಸದ್ದಿನಲ್ಲಿ ಮುಗಿಯುವುದರಿಂದ ಲಯ ತಾನಾಗಿ ಕೂಡಿಬರುತ್ತದೆ. ಇಂಗ್ಲಿಷಿನಲ್ಲಿ ಒಂದು ಕೆಲಸಕ್ಕೆ ಒಂದು ಪದ ಸಾಕು, ಇನ್ನೊಂದಕ್ಕೆ ಐದು ಬೇಕು. ಎಣ್ಣೆ ಹಚ್ಚುವುದನ್ನು ‘ಆಯ್ಲಿಂಗ್’ ಎಂದರೆ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟ ಹಾಗೆ ಕೇಳಿಸುತ್ತದೆ. ಕ್ರಿಯಾಪದವನ್ನು ಬದಲಾಯಿಸದೆ ಕಟ್ಟಿಹಾಕಿ, ನಾಮಪದವನ್ನು ಮಾತ್ರ ಬದಲಾಯಿಸಿದರೆ ತೊಡಕು ಬಿಡುತ್ತದೆ. ನಾನಾದರೆ ಹೀಗೆ ಇಡುತ್ತೇನೆ:

ಟಕ್ ಟಕ್ ಟಕ್.
‘ಗುಬ್ಬಕ್ಕ, ಗುಬ್ಬಕ್ಕ, ಓಪನ್ ದ ಡೋರ್!’
‘ವೇಟ್, ಕಾಗಕ್ಕ, ವೇಟ್. ಮೈ ಬೇಬಿ ನೀಡ್ಸ್ ಹರ್ ಆಯಿಲ್.’

ಮುಂದಿನ ಸಲ ಕೊನೆಯ ಪದ ‘ಬಾತ್’, ಆಮೇಲೆ ‘ಟವೆಲ್’, ‘ಕಾಜಲ್’, ‘ಮಿಲ್ಕ್’. ‘ಸೆಡ್’ ಕೂಡ ಬೇಡ. ಯಾರು ಹೊರಗೆ, ಯಾರು ಒಳಗೆ ಎಂಬುದನ್ನು ಚಿತ್ರವೇ ತೋರಿಸುತ್ತದೆ. ಹೊಸ ಪದ ವಾಕ್ಯದ ತುದಿಯಲ್ಲಿ ಬಿದ್ದಿರುವುದನ್ನು ಗಮನಿಸಿ. ಕನ್ನಡದಲ್ಲಿ ಹೊಸದು ಮೊದಲು ಬಂದು, ಎಲ್ಲರಿಗೂ ಗೊತ್ತಿರುವ ‘ಇರು’ ಕೊನೆಗೆ ಬರಬಹುದು, ಮಗು ಅಲ್ಲಿ ದನಿಗೂಡಿಸುತ್ತದೆ. ಇಂಗ್ಲಿಷ್ ಅಚ್ಚಿನಲ್ಲಿ ಮಗು ‘ವೇಟ್’ ಅನ್ನು ಮೊದಲೇ ಕೂಗಿ, ಈ ಸಲ ಏನು ಎಂದು ಕಿವಿಗೊಟ್ಟು ಕುಳಿತುಕೊಳ್ಳುತ್ತದೆ. ಪುಟ ತಿರುಗಿಸಿ ಓದುವ ಪುಸ್ತಕಕ್ಕೆ ಇದೇ ಹೆಚ್ಚು ಅನುಕೂಲ.

ಈಗ ಪದಗಳನ್ನು ಎಣಿಸಿ. ಮೇಲಿನ ಒಂದು ಸುತ್ತು ಹದಿನಾರು ಪದ. ಐದು ಸುತ್ತಿಗೆ ಎಂಬತ್ತು. ಇಂಥ ಪುಸ್ತಕದ ಪಾಠ ಒಟ್ಟು ಮುನ್ನೂರೈವತ್ತು, ನಾನೂರು ಪದ ಇರಬಹುದು ಎಂದುಕೊಂಡರೆ, ಕಥೆಯ ಹೃದಯಭಾಗಕ್ಕೆ ಎಂಬತ್ತು ಪದ ದುಬಾರಿಯಲ್ಲ. ನಿಮ್ಮ ಮಾದರಿಯಲ್ಲಿ ಈ ಭಾಗವೇ ಇನ್ನೂರಕ್ಕೂ ಹೆಚ್ಚು ಪದ ತಿಂದಿದೆ. ಉದ್ದವಾದದ್ದು ಸಲಗಳ ಸಂಖ್ಯೆಯಿಂದ ಅಲ್ಲ.

ಐದು ಸುತ್ತು ಎಂದೆ, ಆರಲ್ಲ. ಅದಕ್ಕೆ ಕಾರಣವಿದೆ. ನಿಮ್ಮ ತಾಯಿಯ ಧ್ವನಿ ಸಣ್ಣದಾಗುತ್ತಾ ಹೋಗುತ್ತಿತ್ತು ಎಂದು ಬರೆದಿದ್ದೀರಲ್ಲ, ಕಥೆಯ ಜೀವ ಅಲ್ಲಿದೆ. ಮಾತು ಅದೇ, ಆದರೆ ಹೊರಗೆ ನಿಂತವಳ ಸ್ಥಿತಿ ಅದೇ ಅಲ್ಲ. ಅಚ್ಚಾದ ಪುಟಕ್ಕೆ ಧ್ವನಿ ಇಲ್ಲ. ಅಕ್ಷರದ ಗಾತ್ರವನ್ನು ಸಲದಿಂದ ಸಲಕ್ಕೆ ಕಿರಿದು ಮಾಡಬಹುದು, ಹಲವರು ಮಾಡುತ್ತಾರೆ, ತಪ್ಪೇನಿಲ್ಲ. ಆದರೆ ನಿಜವಾದ ಕೆಲಸ ಮಾಡಬೇಕಾದದ್ದು ಚಿತ್ರ. ಮೊದಲ ಸಲ ನೀರು ಕಾಗಕ್ಕನ ಉಗುರಿನ ಮಟ್ಟಕ್ಕೆ, ಎರಡನೆಯ ಸಲ ಮೆಟ್ಟಿಲ ಮೇಲಕ್ಕೆ, ಆಮೇಲೆ ಹೊಟ್ಟೆಯವರೆಗೆ, ಕೊನೆಗೆ ಕುತ್ತಿಗೆಯವರೆಗೆ. ಪಾಠ ನಿಂತಲ್ಲೇ ನಿಂತಿರುತ್ತದೆ, ಚಿತ್ರ ಮುಂದೆ ನಡೆಯುತ್ತದೆ. ಚಿತ್ರಕಾರರಿಗೆ ನೀವು ಕೊಡುವ ಟಿಪ್ಪಣಿಗಳಲ್ಲಿ ಇದೊಂದನ್ನು ತಪ್ಪದೆ ಬರೆಯಿರಿ. ಬಣ್ಣ, ಉಡುಪು, ಮನೆಯ ಆಕಾರ ಅವರಿಗೆ ಬಿಟ್ಟದ್ದು.

ಆರನೆಯ ಸಲ ಕಾಗಕ್ಕ ಕರೆಯುವುದಿಲ್ಲ. ಗುಬ್ಬಕ್ಕ ತೊಟ್ಟಿಲು ತೂಗುತ್ತಿದ್ದಾಳೆ, ಮಗು ಮಲಗಿದೆ, ಮನೆಯೊಳಗೆ ಸದ್ದಿಲ್ಲ. ಐದು ಸಲ ಕೇಳಿದ ‘ಟಕ್ ಟಕ್ ಟಕ್’ ಬರಬೇಕಾದ ಜಾಗ ಖಾಲಿ. ಕರೆಯನ್ನು ಬಾಯಿಪಾಠ ಮಾಡಿಕೊಂಡ ಮಗು ಇಲ್ಲಿ ತಾನೇ ತಟ್ಟಲು ಹೋಗಿ, ಪುಟದಲ್ಲಿ ಏನೂ ಇಲ್ಲದ್ದನ್ನು ಕಂಡು ಗಾಬರಿಯಾಗುತ್ತದೆ. ಆಗ ಗುಬ್ಬಕ್ಕನೇ ‘ಕಾಗಕ್ಕ? ಕಾಗಕ್ಕ?’ ಎಂದು ಬಾಗಿಲ ಕಡೆಗೆ ತಿರುಗುತ್ತಾಳೆ. ತಾಯಿಯ ಧ್ವನಿ ತಲುಪುತ್ತಿದ್ದ ಕೊನೆಯ ಮೆಟ್ಟಿಲು ಇದೇ. ಎರಡು ಸಲ ತಟ್ಟಿಸಿ ಮುಗಿಸಿದರೆ ಈ ಮೌನಕ್ಕೆ ಬೆಲೆ ಬರುವುದಿಲ್ಲ, ಮಗುವಿಗೆ ಇನ್ನೂ ಕರೆಯೇ ರೂಢಿಯಾಗಿರುವುದಿಲ್ಲ.

ಪುಟಗಳ ಲೆಕ್ಕವೂ ಇದಕ್ಕೆ ಒದಗುತ್ತದೆ. ಚಿತ್ರಪುಸ್ತಕ ಸಾಮಾನ್ಯವಾಗಿ 32 ಪುಟದ್ದು. ಮೊದಲ ಪುಟ ಶೀರ್ಷಿಕೆಗೆ, ಎರಡನೆಯದು ಹಕ್ಕು ಮತ್ತು ಮುದ್ರಣ ವಿವರಕ್ಕೆ ಹೋದರೆ ಕಥೆ 3ನೆಯ ಪುಟದಲ್ಲಿ ಶುರುವಾಗುತ್ತದೆ. ಅಲ್ಲಿಂದ 4–5ರಿಂದ 30–31ರವರೆಗೆ ಹದಿನಾಲ್ಕು ಜೋಡಿಪುಟಗಳು, ಕೊನೆಗೆ ಒಂಟಿಯಾಗಿ 32ನೆಯ ಪುಟ. ಇಬ್ಬರ ಮನೆ, ಮೋಡ, ಮಳೆ, ಕರಗಿದ ಸಗಣಿ ಮನೆ, ಇಷ್ಟಕ್ಕೆ ಮೊದಲ ಐದು ಜೋಡಿಪುಟ. ಆರನೆಯದರಲ್ಲಿ ಮೊದಲ ಕರೆ, ಏಳನೆಯದರಲ್ಲಿ ಎರಡನೆಯ ಕರೆ, ಇವೆರಡೂ ಪೂರ್ತಿ ಹರಡಿಕೊಳ್ಳಲಿ, ಮಗು ಅಚ್ಚನ್ನು ಕಲಿಯುವುದು ಅಲ್ಲೇ. ಮೂರನೆಯ ಮತ್ತು ನಾಲ್ಕನೆಯ ಕರೆಗಳನ್ನು ಎಂಟನೆಯ ಜೋಡಿಯಲ್ಲಿ ಎಡಕ್ಕೊಂದು ಬಲಕ್ಕೊಂದು ಇಡಿ. ಇದರಿಂದ ವೇಗ ಹೆಚ್ಚುತ್ತದೆ, ‘ಇನ್ನೂ ಎಷ್ಟು ಸಲ’ ಎಂಬ ಆಯಾಸವೂ ತಪ್ಪುತ್ತದೆ. ಐದನೆಯ ಕರೆಗೆ ಮತ್ತೆ ಪೂರ್ತಿ ಜಾಗ. ಹತ್ತನೆಯ ಜೋಡಿ ಆ ಮೌನಕ್ಕೆ. ಹನ್ನೊಂದರಲ್ಲಿ ಬಾಗಿಲು ತೆರೆಯುತ್ತದೆ, ಹನ್ನೆರಡರಲ್ಲಿ ಒಲೆಯ ಮುಂದೆ ರೆಕ್ಕೆ ಒಣಗಿಸಿಕೊಳ್ಳುತ್ತಿರುವ ಕಾಗಕ್ಕ. ಇನ್ನೆರಡು ಜೋಡಿಪುಟ ಉಳಿದಿವೆ. ನಿಮ್ಮ ನೀತಿಯ ಪ್ರಶ್ನೆ ಅಲ್ಲಿಗೆ ಸಂಬಂಧಿಸಿದ್ದು.

ಈ ಹಂಚಿಕೆಯನ್ನು ಪರದೆಯ ಮೇಲೆ ನೋಡಿ ತೀರ್ಮಾನಿಸಬೇಡಿ. ಎಂಟು ಎ4 ಹಾಳೆಗಳನ್ನು ಒಟ್ಟಿಗೆ ನಡುವೆ ಮಡಚಿ ಹೊಲಿದರೆ 32 ಪುಟದ ಕೈಪ್ರತಿ ಸಿದ್ಧವಾಗುತ್ತದೆ. ಅದರಲ್ಲಿ ಪೆನ್ಸಿಲಿನಿಂದ ಪಾಠ ಬರೆದು, ತಿರುಗಿಸಿ ಓದಿ.

ನೀತಿಯ ವಿಷಯಕ್ಕೆ ಬರುತ್ತೇನೆ. ನಿಮ್ಮ ಕಥೆಯಲ್ಲಿ ಒಂದು ವಿಚಿತ್ರವಿದೆ, ಈ ಕಥೆಯನ್ನು ಮರುನಿರೂಪಿಸುವವರೆಲ್ಲ ಎಡವುವ ಜಾಗ ಅದು. ಬಾಗಿಲು ತಟ್ಟುವ ಭಾಗವನ್ನು ಪೂರ್ತಿ ತೆಗೆದುಹಾಕಿದರೂ ‘ಮಳೆಗೆ ಮೊದಲೇ ಗಟ್ಟಿ ಮನೆ ಕಟ್ಟಿಕೊಳ್ಳಬೇಕು’ ಎಂಬ ನೀತಿ ಅಲುಗಾಡದೆ ನಿಲ್ಲುತ್ತದೆ. ಕಾಗಕ್ಕನ ಸಗಣಿ ಮನೆ ಕರಗಿತು, ಗುಬ್ಬಕ್ಕನ ಕಲ್ಲಿನ ಮನೆ ಉಳಿಯಿತು, ಅಷ್ಟೇ ಸಾಕು. ಅಂದರೆ ಪುನರಾವರ್ತನೆ ಒಂದು ಕಡೆ ಎಳೆಯುತ್ತಿದೆ, ನೀತಿ ಇನ್ನೊಂದು ಕಡೆ ನಿಂತಿದೆ. ತಟ್ಟುವ ಭಾಗದಿಂದ ಮಗುವಿಗೆ ದಕ್ಕುವುದು ಬೇರೆಯೇ: ಮಳೆಯಲ್ಲಿ ನಿಂತವಳನ್ನು ಇಷ್ಟು ಹೊತ್ತು ಕಾಯಿಸಬಹುದೇ? ಓದಿ ಮುಗಿಸಿದ ಕೂಡಲೇ ಮಗು ಗುಬ್ಬಕ್ಕನ ಮೇಲೆ ಸಿಟ್ಟಾಗುತ್ತದೆ. ಅದರ ಮೇಲೆ ನೀವು ಕೊನೆಗೊಂದು ವಾಕ್ಯ ಬರೆದು ಕಾಗಕ್ಕನದೇ ತಪ್ಪು ಎಂದರೆ, ಮಗುವಿಗೆ ಅದು ಅನ್ಯಾಯವಾಗಿ ಕಾಣುತ್ತದೆ. ಮಗುವಿನ ತೀರ್ಪು ತಪ್ಪಲ್ಲ.

ನಿಮ್ಮ ತಾಯಿಯ ನೀತಿಯನ್ನೇ ಉಳಿಸಬೇಕು ಎಂದಿದ್ದರೆ ಎರಡು ಕೆಲಸ ಆಗಬೇಕು.

ಒಂದು, ಗುಬ್ಬಕ್ಕ ನಿಜವಾಗಿ ಕೆಲಸದಲ್ಲಿದ್ದಾಳೆ ಎಂಬುದು ಚಿತ್ರದಲ್ಲಿ ಕಾಣಬೇಕು. ಬಾಯಲ್ಲಿ ಹೇಳುವಾಗ ಇದು ಅಸ್ಪಷ್ಟವಾಗಿಯೇ ಉಳಿಯುತ್ತದೆ, ನೆಪ ಹೇಳುತ್ತಿದ್ದಾಳೋ ನಿಜವೋ ಎಂಬುದು ಹೇಳುವವರ ದನಿಯ ಮೇಲೆ ನಿಂತಿರುತ್ತದೆ. ಚಿತ್ರಕ್ಕೆ ಆ ಸ್ವಾತಂತ್ರ್ಯ ಇಲ್ಲ. ತೊಟ್ಟಿಲಲ್ಲಿ ಮಗು ಆಗಲೇ ನಿದ್ದೆ ಮಾಡುತ್ತಿದ್ದು ಗುಬ್ಬಕ್ಕ ಕಾಲು ಚಾಚಿ ಕುಳಿತಿದ್ದರೆ ಅವಳು ಸುಳ್ಳುಗಾತಿ, ಕಥೆ ಕಲ್ಲೆದೆಯ ನೆರೆಯವಳದ್ದಾಗುತ್ತದೆ. ಅದರ ಬದಲು, ಒಂದು ರೆಕ್ಕೆಯಲ್ಲಿ ಜಾರುವ ಎಣ್ಣೆಮೈ ಮಗುವನ್ನು ಹಿಡಿದು, ಇನ್ನೊಂದರಲ್ಲಿ ಬಿಸಿನೀರ ಚೊಂಬು ಹಿಡಿದು, ಬಾಗಿಲ ಕಡೆ ಕತ್ತು ಚಾಚಿ ‘ವೇಟ್’ ಎಂದರೆ ಅವಳು ನಾವೆಲ್ಲ ಕಂಡ ತಾಯಿ. ಸಿಟ್ಟು ಅವಳಿಂದ ಸರಿದು ಮಳೆಯ ಮೇಲೆ, ಕರಗಿದ ಮನೆಯ ಮೇಲೆ ಹೋಗುತ್ತದೆ. ನಿಮ್ಮ ನೀತಿಗೆ ಬೇಕಾದದ್ದು ಅದೇ ದಿಕ್ಕು.

ಎರಡು, ನೀತಿಯನ್ನು ಅದೇ ಅಚ್ಚಿನೊಳಗೆ ಹಾಕಬೇಕು. ಹದಿಮೂರನೆಯ ಜೋಡಿಪುಟದಲ್ಲಿ ಬೆಳಗಾಗಿದೆ, ಮಳೆ ನಿಂತಿದೆ, ಕಾಗಕ್ಕ ಹೊರಗೆ ಹೋಗಿದ್ದಾಳೆ. ಹದಿನಾಲ್ಕನೆಯದರಲ್ಲಿ ಮೊದಲ ಬಾರಿಗೆ ಗುಬ್ಬಕ್ಕ ಕರೆಯುವವಳಾಗುತ್ತಾಳೆ:

‘ಕಾಗಕ್ಕ, ಕಾಗಕ್ಕ, ಕಮ್ ಅಂಡ್ ಈಟ್!’
‘ವೇಟ್, ಗುಬ್ಬಕ್ಕ, ವೇಟ್. ಮೈ ಹೌಸ್ ನೀಡ್ಸ್ ಇಟ್ಸ್ ಸ್ಟೋನ್.’

ಚಿತ್ರದಲ್ಲಿ ಕಾಗಕ್ಕನ ಕೊಕ್ಕಿನಲ್ಲಿ ಒಂದು ಕಲ್ಲು. ಐದು ಸಲ ಕೇಳಿದ ಮಾತೇ ತಿರುಗಿ ಬಂದಿದೆ, ಕಾಯಿಸುವವಳೂ ಕಾಯುವವಳೂ ಅದಲುಬದಲಾಗಿದ್ದಾರೆ. ಹೊಸ ಪದಗಳನ್ನು ಮಗು ತಟ್ಟನೆ ಹಿಡಿಯುತ್ತದೆ, ಏಕೆಂದರೆ ಉಳಿದದ್ದೆಲ್ಲ ಅದಕ್ಕೆ ಬಾಯಿಪಾಠ. ‘ಮೊದಲೇ ಕಟ್ಟಿಕೊಳ್ಳಬೇಕು’ ಎಂಬ ಉಪದೇಶದ ವಾಕ್ಯ ಇದಾದ ಮೇಲೆ ಬೇಡ, ಇಟ್ಟರೆ ಕಾಗಕ್ಕನಿಗೆ ಗೊತ್ತಾದದ್ದನ್ನು ಓದುಗರಿಗೆ ಗೊತ್ತಾಗಿಲ್ಲ ಎಂದು ಹೇಳಿದಂತಾಗುತ್ತದೆ. ಇದು ನಿಮ್ಮ ತಾಯಿ ಹೇಳದ ದೃಶ್ಯ ಎಂಬ ಆಕ್ಷೇಪ ಬರಬಹುದು. ಅವರು ಕಥೆಯ ಹೊರಗೆ ನಿಂತು ಹೇಳಿದ ಮಾತನ್ನು ನೀವು ಕಥೆಯ ಒಳಗೆ ನಡೆಸಿ ತೋರಿಸುತ್ತಿದ್ದೀರಿ. ಮರುನಿರೂಪಣೆಯಲ್ಲಿ ಇಷ್ಟು ಕೈಯಾಡಿಸುವುದು ಸಲ್ಲುತ್ತದೆ ಎಂದು ನನ್ನ ನಂಬಿಕೆ, ಆದರೆ ಸಾಧ್ಯವಿದ್ದರೆ ಅವರಿಗೇ ಓದಿ ಹೇಳಿ ಒಪ್ಪಿಗೆ ಪಡೆಯಿರಿ.

ಕಡಲೆ ಕದ್ದು ತಿನ್ನುವ ಭಾಗವನ್ನು ಬಿಡಿ. ಕತ್ತಲೆಯಲ್ಲಿ ‘ಕಟ ಕಟ’ ಎಂಬ ಸದ್ದು, ‘ಅದೇನು ಸದ್ದು ಕಾಗಕ್ಕ’ ಎಂಬ ಪ್ರಶ್ನೆ, ಅದಕ್ಕೆ ಕಾಗಕ್ಕನ ಸುಳ್ಳು, ಇವು ಎಷ್ಟು ಸೊಗಸಾಗಿದ್ದರೂ ಅಲ್ಲಿ ಇನ್ನೊಂದು ಪುನರಾವರ್ತನೆ ಶುರುವಾಗುತ್ತದೆ, ಇನ್ನೊಂದು ನೀತಿಯೂ ಬಂದು ಸೇರುತ್ತದೆ. ಆಶ್ರಯ ಕೊಟ್ಟವರ ಮನೆಯಲ್ಲಿ ಕದ್ದ ಕಾಗಕ್ಕ ಮರುದಿನ ಕಲ್ಲು ಹೊರುವುದನ್ನು ಯಾರೂ ಮೆಚ್ಚಿ ನೋಡುವುದಿಲ್ಲ. ಬಾಯಿಮಾತಿನ ಕಥೆ ಒಂದು ಮಳೆಗಾಲದ ರಾತ್ರಿಗೆ ಸಾಕಾಗುವಷ್ಟು ಹಿಗ್ಗುತ್ತದೆ, ಹದಿನಾಲ್ಕು ಜೋಡಿಪುಟ ಹಿಗ್ಗುವುದಿಲ್ಲ.

ಹೆಸರುಗಳನ್ನು ಮಿಸೆಸ್ ಕ್ರೋ, ಮಿಸೆಸ್ ಸ್ಪ್ಯಾರೋ ಎಂದು ಮಾಡಬೇಡಿ. ಇಬ್ಬರೂ ಒಬ್ಬರಿಗೊಬ್ಬರು ಅಕ್ಕಂದಿರಾಗಿರುವುದೇ ಬಾಗಿಲು ತಟ್ಟುವ ಸಲುಗೆಗೆ ಆಧಾರ. ಯಾರು ಕಾಗೆ, ಯಾರು ಗುಬ್ಬಿ ಎಂದು ಚಿತ್ರ ಹೇಳುತ್ತದೆ, ‘ಕ್ಕ’ದ ಸದ್ದು ಇಂಗ್ಲಿಷ್ ನಾಲಿಗೆಗೂ ಕಷ್ಟವಲ್ಲ. ಸಗಣಿಯ ವಿಷಯದಲ್ಲೂ ಒತ್ತಡ ಬರುತ್ತದೆ. ಹುಲ್ಲಿನ ಮನೆ ಎಂದು ಬದಲಾಯಿಸಿ ಎನ್ನುತ್ತಾರೆ. ಹುಲ್ಲು ಎಂದ ಕೂಡಲೇ ಓದುಗರಿಗೆ ಮೂರು ಹಂದಿಮರಿಗಳ ಕಥೆ ನೆನಪಾಗಿ ನಿಮ್ಮದು ಅದರ ನಕಲಾಗಿ ಕಾಣುತ್ತದೆ. ಜೊತೆಗೆ ಕಥೆಯ ತರ್ಕವೂ ಹೋಗುತ್ತದೆ. ಸಗಣಿ ಬೇಕಾದಷ್ಟು ಸಿಗುತ್ತದೆ, ಬೇಗ ಮೆತ್ತಬಹುದು, ಬಿಸಿಲಲ್ಲಿ ಗಟ್ಟಿಯಾಗಿ ಭದ್ರವಾದಂತೆ ಕಾಣುತ್ತದೆ, ನೀರು ಬಿದ್ದರೆ ಕರಗುತ್ತದೆ. ಬೇಸಿಗೆಯಲ್ಲಿ ಕಾಗಕ್ಕನಿಗೆ ತನ್ನ ಮನೆ ಸಾಲದು ಎನ್ನಿಸಲು ಕಾರಣವೇ ಇರಲಿಲ್ಲ. ‘ಡಂಗ್’ ಎಂದೇ ಬರೆಯಿರಿ, ಮಕ್ಕಳು ನಗುತ್ತಾರೆ, ನಗಲಿ.

ಕೈಪ್ರತಿ ಸಿದ್ಧವಾದ ಮೇಲೆ ಕಥೆ ಗೊತ್ತಿಲ್ಲದ ನಾಲ್ಕೈದು ವರ್ಷದ ಮಗುವಿಗೆ ಬೇರೆಯವರಿಂದ ಓದಿಸಿ, ನೀವು ಪಕ್ಕದಲ್ಲಿ ಸುಮ್ಮನೆ ಕುಳಿತು ನೋಡಿ. ಮೂರನೆಯ ಕರೆಯ ಹೊತ್ತಿಗೆ ಮಗು ‘ವೇಟ್’ ಅನ್ನು ಓದುವವರಿಗಿಂತ ಮೊದಲೇ ಹೇಳಿದರೆ ಅಚ್ಚು ಸರಿಯಾಗಿದೆ. ಹೇಳದಿದ್ದರೆ ಎಲ್ಲೋ ಒಂದು ಪದ ಸಲದಿಂದ ಸಲಕ್ಕೆ ಜಾರಿದೆ, ಹುಡುಕಿ. ನಾಲ್ಕನೆಯದಕ್ಕೆ ಮಗು ಕದಲಲು ಶುರುಮಾಡಿದರೆ ಪಾಠ ಕತ್ತರಿಸುವ ಮೊದಲು ಚಿತ್ರದಲ್ಲಿ ನೀರು ಏರಿದೆಯೇ ನೋಡಿ. ‘ಗುಬ್ಬಕ್ಕ ಕೆಟ್ಟವಳು’ ಎಂಬ ಮಾತು ಬಂದರೆ ಅವಳ ಕೈಗಳು ಚಿತ್ರದಲ್ಲಿ ಸಾಕಷ್ಟು ತುಂಬಿಲ್ಲ ಎಂದರ್ಥ. ಓದುವ ದೊಡ್ಡವರು ತಡವರಿಸಿದ ಕಡೆಯೆಲ್ಲ ಪೆನ್ಸಿಲ್ ಗುರುತು ಹಾಕಿಕೊಳ್ಳಿ, ಆ ಸಾಲುಗಳು ಕಣ್ಣಿಗೆ ಬರೆದವು, ಬಾಯಿಗೆ ಅಲ್ಲ.

32ನೆಯ ಪುಟಕ್ಕೆ, ನಿಮ್ಮ ಮನೆಯಲ್ಲಿ ರೂಢಿಯಿದ್ದರೆ, ‘ಅವರು ಅಲ್ಲಿ, ನಾವು ಇಲ್ಲಿ’ ಎಂದು ಕಥೆ ಮುಗಿಸುವ ಸಾಲನ್ನು ಇಂಗ್ಲಿಷಿನಲ್ಲಿ ಇಡಬಹುದು. ಕನ್ನಡದ ಅಜ್ಜಿಕಥೆಗಳು ಹೀಗೆ ಮುಗಿಯುವುದು ಹಳೆಯ ಪದ್ಧತಿ. ಅದು ನೀತಿಯೂ ಅಲ್ಲ, ಹೊಸ ವಿಷಯವೂ ಅಲ್ಲ, ಬಾಗಿಲು ಎಳೆದುಕೊಂಡ ಹಾಗೆ ಅಷ್ಟೇ.

ಕೊನೆಯದಾಗಿ ಹಕ್ಕಿನ ವಿಷಯ. ಕಥೆ ಎಲ್ಲರದ್ದು, ಆದರೆ ಯಾರೋ ಸಂಗ್ರಹಿಸಿ ಅಚ್ಚು ಮಾಡಿದ ಪಾಠದ ವಾಕ್ಯಗಳು ಅವರದ್ದು. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ ಅರವತ್ತು ವರ್ಷ ಆ ಹಕ್ಕು ಉಳಿಯುತ್ತದೆ. ನೀವು ತಾಯಿಯ ಬಾಯಿಯಿಂದ ಕೇಳಿದ್ದನ್ನೇ ಬರೆಯುತ್ತಿರುವುದರಿಂದ ತೊಂದರೆಯಿಲ್ಲ, ಮಧ್ಯೆ ಬೇರೆ ಪುಸ್ತಕ ನೋಡಿ ಸಾಲುಗಳನ್ನು ಎತ್ತಿಕೊಳ್ಳಬೇಡಿ. ಮುಖಪುಟದಲ್ಲಿ ನಿಮ್ಮ ಹೆಸರಿನ ಮುಂದೆ ‘ಮರುನಿರೂಪಣೆ’ ಎಂದಿರಲಿ. ಎರಡನೆಯ ಪುಟದ ಸಣ್ಣ ಅಕ್ಷರಗಳ ನಡುವೆ, ಕಥೆ ಹೇಳಿದವರು ನಿಮ್ಮ ತಾಯಿ ಎಂದು ಅವರ ಹೆಸರು ಮತ್ತು ಊರು ಹಾಕಿ. ಕಡಲೆಯ ಭಾಗವೂ ಇತ್ತು, ಅದನ್ನು ಬಿಟ್ಟಿದ್ದೇನೆ ಎಂದು ಅಲ್ಲೇ ಒಂದು ಸಾಲು ಬರೆಯಿರಿ. ಆ ಭಾಗವನ್ನು ತಮ್ಮ ಮನೆಯಲ್ಲಿ ಕೇಳಿದವರು ಪುಸ್ತಕ ಮುಚ್ಚಿದ ಮೇಲೆ ಮಕ್ಕಳಿಗೆ ಬಾಯಲ್ಲಿ ಹೇಳಿಕೊಳ್ಳುತ್ತಾರೆ.